ಪ್ಯಾರಾ ಕಮಾಂಡೊಗಳನ್ನು ಹೇಗೆ ಆರಿಸುತ್ತಾರೆ, ಯಾವ ಕೆಲಸಕ್ಕೆ ಕಳಿಸುತ್ತಾರೆ?

1971ರ ಡಿಸೆಂಬರ್ 13ರ ರಾತ್ರಿ. ಪೂಂಛ್ ಭಾಗದಲ್ಲಿ ನಮ್ಮ ಪಡೆಗಳ ಮೇಲೆ ಪಾಕಿಸ್ತಾನದ ಫಿರಂಗಿಗಳು ಗುಂಡು ಸುರಿಸುತ್ತಿದ್ದವು. ಆ ಫಿರಂಗಿಗಳು ಇದ್ದದ್ದು ಗಡಿಯ ಆಚೆ, ಮಂಧೋಲ್ ಎಂಬ ಹಳ್ಳಿಯಲ್ಲಿ. 122 ಮಿಲಿಮೀಟರಿನ ಆರು ತೋಪುಗಳು. 9 ಪ್ಯಾರಾ ಕಮಾಂಡೊ ಬೆಟಾಲಿಯನ್ನಿನ ಒಂದು ತಂಡ ಕತ್ತಲಲ್ಲಿ, ಕೊರೆಯುವ ಚಳಿಯಲ್ಲಿ ಪೂಂಛ್ ನದಿ ದಾಟಿ ಅಲ್ಲಿಗೆ ನಡೆಯಿತು. ತೋಪುಗಳನ್ನು ಕಾಯುತ್ತಿದ್ದವರ ಜೊತೆ ತೀರಾ ಹತ್ತಿರದಿಂದ ಕಾದಾಟ ಆಯಿತು. ಆರೂ ತೋಪುಗಳಿಗೆ ಸ್ಫೋಟಕ ಇಟ್ಟು ಹಾಳು ಮಾಡಿ, ತಂಡ ಬಂದ ದಾರಿ ಹಿಡಿದು ವಾಪಸಾಯಿತು.

ಗಮನಿಸಿ, ಅವರು ಮಂಧೋಲನ್ನು ಗೆಲ್ಲಲಿಲ್ಲ. ಅಲ್ಲಿ ಕಂದಕ ತೋಡಿ ಕೂರಲಿಲ್ಲ. ಬೆಳಗಾದಾಗ ಹಳ್ಳಿ ಮತ್ತೆ ಪಾಕಿಸ್ತಾನದ ಕೈಯಲ್ಲೇ ಇತ್ತು. ಆದರೂ ಕೆಲಸ ಆಗಿತ್ತು, ಯಾಕೆಂದರೆ ಕೆಲಸ ಇದ್ದದ್ದೇ ಅಷ್ಟು.

ಅದೇ ಹೊತ್ತಿನಲ್ಲಿ, ಅದೇ ಭಾಗದ ದರೂಛಿಯಾನ್ ಎಂಬ ಗುಡ್ಡದ ಮೇಲೆ ನಮ್ಮ 14 ಗ್ರೆನೇಡಿಯರ್ಸ್ ದಾಳಿ ಮಾಡಿತ್ತು. ಅದು ಪದಾತಿ ದಳ, ಅಂದರೆ ಇನ್‌ಫೆಂಟ್ರಿ. ಅವರ ಗುರಿ ಗುಡ್ಡವನ್ನು ಹಿಡಿದು ಉಳಿಸಿಕೊಳ್ಳುವುದು. ಬಹಳ ಜನ ಸತ್ತರು, ಗುಡ್ಡ ಸಿಗಲಿಲ್ಲ. ಇದರಿಂದ ಗ್ರೆನೇಡಿಯರ್‌ಗಳು ಕಮಾಂಡೊಗಳಿಗಿಂತ ಕಡಿಮೆ ಅಂತ ಯಾರಾದರೂ ಹೇಳಿದರೆ ಅವರಿಗೆ ಎರಡೂ ಕೆಲಸ ಅರ್ಥವಾಗಿಲ್ಲ ಅಂತಲೇ ಲೆಕ್ಕ. ಮೈನು, ಬಂಕರು, ಮೆಷಿನ್ ಗನ್ನು ಇಟ್ಟುಕೊಂಡು ಕಾಯುತ್ತಿರುವ ಗುಡ್ಡಕ್ಕೆ ಎದುರಿನಿಂದ ಹತ್ತುವುದು ಕಮಾಂಡೊ ತಂಡದ ಕೈಲೂ ಆಗದು. ಸಣ್ಣ ತಂಡ ಅಂಥ ಕಡೆ ಅರ್ಧ ಗಂಟೆಯಲ್ಲಿ ಕರಗಿಹೋಗುತ್ತದೆ.

ವ್ಯತ್ಯಾಸ ಶುರುವಾಗುವುದೇ ಇಲ್ಲಿ. ಪದಾತಿ ದಳದ ಒಂದು ಬೆಟಾಲಿಯನ್ನಿನಲ್ಲಿ ಸುಮಾರು ಎಂಟುನೂರು ಜನ. ಅವರದೇ ಮಾರ್ಟರ್‌ಗಳು ಇರುತ್ತವೆ. ಹಿಂದೆ ಫಿರಂಗಿ ದಳ ಇರುತ್ತದೆ. ಮದ್ದುಗುಂಡು ಮುಗಿದರೆ ಹೇಸರಗತ್ತೆ, ಲಾರಿ, ಹೆಲಿಕಾಪ್ಟರ್ ಏನಾದರೂ ಮಾಡಿ ತಂದುಕೊಡುವ ವ್ಯವಸ್ಥೆ ಇರುತ್ತದೆ. ಗಾಯವಾದವನನ್ನು ಕೆಳಗಿಳಿಸಲು ಜನ ಇರುತ್ತಾರೆ. ಪಕ್ಕದಲ್ಲಿ ಇನ್ನೊಂದು ಕಂಪನಿ ಇರುತ್ತದೆ. ಈ ಭಾರವೇ ಅದರ ಬಲ. ಕಮಾಂಡೊಗಳದು ವಿಶೇಷ ಪಡೆ, ಅದರ ಸ್ಕ್ವಾಡ್ ಅಂದರೆ ಸಾಮಾನ್ಯವಾಗಿ ಐದಾರು ಜನ. ಬೆನ್ನ ಮೇಲೆ ಹೊತ್ತಿದ್ದಷ್ಟೇ ಮದ್ದುಗುಂಡು. ಹತ್ತಿರದ ಸ್ನೇಹಿತ ಪಡೆ ಒಂದು ರಾತ್ರಿಯ ನಡಿಗೆಯಷ್ಟು ದೂರ. ಅವರಿಗಿರುವ ಒಂದೇ ದೊಡ್ಡ ಆಯುಧ ಅಂದರೆ, ಅವರು ಅಲ್ಲಿದ್ದಾರೆ ಅಂತ ಎದುರಾಳಿಗೆ ಗೊತ್ತಿಲ್ಲದಿರುವುದು. ಅದು ಹೋಯಿತೋ, ಅವರು ಕೈಬೆರಳೆಣಿಕೆಯ ಬಂದೂಕುಗಳು ಅಷ್ಟೆ.

ಆಯ್ಕೆ ಯಾಕೆ ಹಾಗಿದೆ ಅನ್ನುವುದಕ್ಕೆ ಉತ್ತರವೂ ಇದರಲ್ಲೇ ಇದೆ.

ಭಾರತೀಯ ಸೇನೆಯ ವಿಶೇಷ ಪಡೆ ಅಂದರೆ ಪ್ಯಾರಾಶೂಟ್ ರೆಜಿಮೆಂಟಿನ ಪ್ಯಾರಾ (ಎಸ್‌ಎಫ್) ಬೆಟಾಲಿಯನ್‌ಗಳು. ಈ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಜೆ.ಸಿ. ನಗರದಲ್ಲೇ. ಹೆಬ್ಬಾಳದ ಕಡೆ ಹೋಗುವಾಗ ಎಷ್ಟೋ ಜನ ಆ ಗೋಡೆಯನ್ನು ದಾಟಿರುತ್ತಾರೆ, ಒಳಗೇನಿದೆ ಅಂತ ಯೋಚಿಸಿರುವುದಿಲ್ಲ. ಸೇನೆಗೆ ಹೊಸದಾಗಿ ಸೇರಿ ನೇರ ಈ ರೆಜಿಮೆಂಟಿಗೆ ಬರುವವರಿದ್ದಾರೆ. ಬೇರೆ ರೆಜಿಮೆಂಟುಗಳಿಂದ, ಎಂಜಿನಿಯರ್, ಸಿಗ್ನಲ್ಸ್‌ನಂಥ ವಿಭಾಗಗಳಿಂದ ಬರುವವರೂ ಇದ್ದಾರೆ. ಆದರೆ ಎಲ್ಲರೂ ತಾವಾಗಿಯೇ ಮುಂದೆ ಬಂದವರು. ಯಾರನ್ನೂ ಹುಕುಂ ಮಾಡಿ ಕಳಿಸುವುದಿಲ್ಲ.

ಬಂದವರಿಗೆ ಕಾಯುತ್ತಿರುವುದು ಪ್ರೊಬೇಷನ್. ವಿಶೇಷ ಪಡೆಗೆ ಇದು ಸುಮಾರು ಮೂರು ತಿಂಗಳು ಅಂತ ಹೇಳುವುದು ರೂಢಿ. ಕಾಲಕಾಲಕ್ಕೆ ಹೆಚ್ಚುಕಡಿಮೆ ಆಗಿದೆ. ಅಧಿಕಾರಿಗಳಿಗೂ ವಿನಾಯಿತಿ ಇಲ್ಲ. ಪರೀಕ್ಷೆಗಳ ಹೆಸರು ಕೇಳಿದರೆ ಎಲ್ಲವೂ ಮೈಬಲದ್ದೇ ಅನ್ನಿಸುತ್ತದೆ: ತೂಕ ಹೊತ್ತು ವೇಗದ ನಡಿಗೆ, ಕೈಕಾಲು ಕಟ್ಟಿಸಿಕೊಂಡು ನೀರಲ್ಲಿ ತೇಲುವುದು, ದಿನಗಟ್ಟಲೆ ನಿದ್ದೆ ಇಲ್ಲದ ಓಡಾಟ. ಮೈಬಲ ಬೇಕೇ ಬೇಕು, ಸುಳ್ಳಲ್ಲ. ಆದರೆ ಅದು ಬಾಗಿಲಿನ ಟಿಕೆಟ್ಟು ಮಾತ್ರ. ಜಿಮ್ಮಿನಲ್ಲಿ ಎಲ್ಲರಿಗಿಂತ ಜಾಸ್ತಿ ತೂಕ ಎತ್ತುವವನು ಮೊದಲ ವಾರವೇ ಬಿಟ್ಟು ಹೋಗುವುದು ಈ ಪಡೆಗಳಲ್ಲಿ ಹಳೆಯ ಕಥೆ.

ಒಂದು ಸಣ್ಣ ಪರೀಕ್ಷೆ ನೋಡಿ. ಜಗತ್ತಿನ ಬಹಳಷ್ಟು ಸೇನೆಗಳಲ್ಲಿ ಸ್ಕೌಟ್, ಸ್ನೈಪರ್ ಮತ್ತು ವಿಶೇಷ ಪಡೆಯವರಿಗೆ ಇದನ್ನು ಮಾಡಿಸುತ್ತಾರೆ. ಒಂದು ಬಟ್ಟೆಯ ಮೇಲೆ ಹತ್ತಿಪ್ಪತ್ತು ವಸ್ತು ಹರಡಿರುತ್ತಾರೆ: ಗುಂಡು, ಬಟನ್ನು, ಬೀಗದಕೈ, ಬ್ಯಾಟರಿ, ಬೆಂಕಿಪೊಟ್ಟಣ, ಹರಿದ ಟಿಕೆಟ್ಟು. ಒಂದು ನಿಮಿಷ ನೋಡಲು ಬಿಟ್ಟು ಮುಚ್ಚುತ್ತಾರೆ. ಬರೆಯಿರಿ ಅನ್ನುವುದು ಆಗಲೇ ಅಲ್ಲ. ಎಷ್ಟೋ ಕಿಲೋಮೀಟರ್ ನಡೆಸಿ, ಬೆವರು ಇಳಿಯುವಾಗ ಕೇಳುತ್ತಾರೆ. ಬೀಗದಕೈ ಇತ್ತು ಅಂದರೆ ಸಾಲದು. ಎಷ್ಟು ಹಲ್ಲು, ತುಕ್ಕು ಹಿಡಿದಿತ್ತಾ, ಬ್ಯಾಟರಿಯ ಎಡಕ್ಕಿತ್ತಾ ಬಲಕ್ಕಿತ್ತಾ? ಸುಮ್ನೆ ಆಟ ಅನ್ನಿಸುತ್ತದೆ. ಆದರೆ ಮೂರು ದಿನ ಪೊದೆಯಲ್ಲಿ ಮಲಗಿ ಒಂದು ಮನೆಯನ್ನು ನೋಡಿಕೊಂಡು ಬಂದವನು ಮಾಡಬೇಕಾದ ಕೆಲಸ ಇದೇ ಅಲ್ವಾ? ದಣಿವಿನಲ್ಲಿ ಮೊದಲು ಕೈಕೊಡುವುದು ಕಾಲಲ್ಲ, ತಲೆ. ಇನ್ನೂ ಕೆಟ್ಟದ್ದೇನೆಂದರೆ, ದಣಿದ ತಲೆ ನೆನಪಿಲ್ಲದ್ದನ್ನು ತಾನೇ ತುಂಬಿಸಿಕೊಳ್ಳುತ್ತದೆ. ನೋಡದ್ದನ್ನು ನೋಡಿದೆ ಅಂತ ಆಣೆ ಮಾಡಿ ಹೇಳುವವನು ಮರೆತೆ ಅನ್ನುವವನಿಗಿಂತ ಅಪಾಯಕಾರಿ.

ಪರೀಕ್ಷಕರು ಹುಡುಕುವ ಇನ್ನೊಂದು ಗುಣ, ಹೇಳುವವರಿಲ್ಲದಾಗಲೂ ಕೆಲಸ ಮುಂದುವರಿಸುವುದು. ಇದನ್ನು ಅತ್ಯಂತ ನೇರವಾಗಿ ಪರೀಕ್ಷಿಸುವುದು ಬ್ರಿಟಿಷ್ ಸೇನೆಯ ವಿಶೇಷ ಪಡೆ ಎಸ್‌ಎಎಸ್. ಅವರ ಆಯ್ಕೆ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಗುಡ್ಡಗಳಲ್ಲಿ ನಡೆಯುತ್ತದೆ. ಹೆಚ್ಚಿನ ನಡಿಗೆಗಳಲ್ಲಿ ಅಭ್ಯರ್ಥಿ ಒಬ್ಬನೇ ಹೋಗಬೇಕು. ಕೈಯಲ್ಲಿ ನಕ್ಷೆ, ದಿಕ್ಸೂಚಿ. ಒಂದು ಚೆಕ್‌ಪಾಯಿಂಟ್ ತಲುಪಿದರೆ ಮುಂದಿನದು ಎಲ್ಲಿ ಅಂತ ಅಲ್ಲಿ ಹೇಳುತ್ತಾರೆ. ಕೊನೆಯ ನಡಿಗೆ ಸುಮಾರು 64 ಕಿಲೋಮೀಟರ್, ಇಪ್ಪತ್ತು ಗಂಟೆಯೊಳಗೆ, ಬೆನ್ನ ಮೇಲೆ ಸುಮಾರು 25 ಕಿಲೋ. ರೈಫಲ್ಲು, ನೀರು, ಊಟದ ತೂಕ ಬೇರೆ. ಅಲ್ಲಿನ ತರಬೇತುದಾರರು ಕೂಗಾಡುವುದಿಲ್ಲ. ಭೇಷ್ ಅನ್ನುವುದಿಲ್ಲ, ಬೈಯುವುದೂ ಇಲ್ಲ. ಸಿನಿಮಾದಲ್ಲಿ ಕಾಣುವ ಕಿರುಚಾಟ ಹೊಸ ಸೈನಿಕರ ಪರೇಡ್ ಮೈದಾನಕ್ಕೆ ಸೇರಿದ್ದು. ಇಲ್ಲಿ ಬಿಡಬೇಕು ಅನ್ನಿಸಿದರೆ ಬಿಡಬಹುದು, ಯಾರೂ ತಡೆಯುವುದಿಲ್ಲ. ಹಿಂದಿನಿಂದ ತಳ್ಳುವವರಿಲ್ಲದೆ ನಡೆಯುವವನು ಯಾರು ಅಂತ ನೋಡಬೇಕಾದರೆ ತಳ್ಳುವುದನ್ನೇ ನಿಲ್ಲಿಸಬೇಕು. ಬಹುಪಾಲು ಜನ ಇಲ್ಲೇ ಉದುರುತ್ತಾರೆ.

ಈ ಪದ್ಧತಿಗೆ ಒಂದು ಕರಾಳ ಮುಖವೂ ಇದೆ. 2013ರ ಜುಲೈನಲ್ಲಿ, ಬಿಸಿಲು ಜೋರಾಗಿದ್ದ ದಿನ, ಇದೇ ಗುಡ್ಡಗಳಲ್ಲಿ ಸುಮಾರು 26 ಕಿಲೋಮೀಟರಿನ ನಡಿಗೆಯಲ್ಲಿ ಮೂವರು ಮೀಸಲು ಪಡೆ ಸೈನಿಕರು ಬಿಸಿಲಾಘಾತಕ್ಕೆ ತುತ್ತಾದರು. ಇಬ್ಬರು ಅಂದೇ ಸತ್ತರು, ಮೂರನೆಯವರು ಎರಡು ವಾರದ ನಂತರ ಆಸ್ಪತ್ರೆಯಲ್ಲಿ. ಎಲ್ಲರ ಬಳಿಯೂ ಎಲ್ಲಿದ್ದಾರೆ ಅಂತ ತೋರಿಸುವ ಟ್ರ್ಯಾಕರ್ ಇತ್ತು. ಆದರೆ ಪರದೆಯ ಮೇಲೆ ಚುಕ್ಕೆ ನಿಂತೇ ಇದೆ ಅಂತ ನಡೆಸುವವರು ಗಮನಿಸುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಅದೇ ದಿನ ಬೇರೆ ಕೆಲವರು ಬಿಸಿಲಿಗೆ ಅಸ್ವಸ್ಥರಾಗಿ ನಡಿಗೆ ಬಿಟ್ಟಿದ್ದರು. ಅಷ್ಟಾದ ಮೇಲೆ ನಡಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. 2015ರ ವಿಚಾರಣೆಯಲ್ಲಿ ಇದನ್ನು ನಿರ್ಲಕ್ಷ್ಯ ಅಂತಲೇ ಹೇಳಲಾಯಿತು.

ನನಗೆ ಇಲ್ಲಿ ಕಾಣುವ ತೊಡಕು ಇದು. ಬಿಡದೆ ನಡೆಯುವವನನ್ನು ಹುಡುಕುವ ಪರೀಕ್ಷೆಯಲ್ಲಿ, ನಿಲ್ಲಲೇಬೇಕಾದ ಹೊತ್ತಿನಲ್ಲೂ ನಿಲ್ಲದವನೇ ಸಾಯುವವನು. ಬಿಸಿಲಾಘಾತ ಹತ್ತಿರವಾದಾಗ ಮೊದಲು ಮಂಕಾಗುವುದು ಬುದ್ಧಿ. ಹೆಜ್ಜೆ ತಪ್ಪುತ್ತದೆ, ಮಾತು ತೊದಲುತ್ತದೆ, ಕಾರಣವಿಲ್ಲದೆ ಸಿಡುಕು ಬರುತ್ತದೆ. ಆದರೆ ಆ ಮನುಷ್ಯನಿಗೆ ತಾನು ಸರಿಯಾಗೇ ಇದ್ದೇನೆ ಅನ್ನಿಸುತ್ತದೆ. ಹೀಗಾಗಿ ನಿಲ್ಲಿಸುವ ಹೊಣೆ ಅವನದಲ್ಲ, ಚೆಕ್‌ಪಾಯಿಂಟಿನಲ್ಲಿ ಕೂತವನದು. ನಿನ್ನ ಹೆಸರೇನು, ಎಲ್ಲಿದ್ದೀಯ, ನಕ್ಷೆಯಲ್ಲಿ ತೋರಿಸು ಅಂತ ಎರಡು ಪ್ರಶ್ನೆ ಕೇಳಿ, ಉತ್ತರ ತಡವರಿಸಿದರೆ ಕೂರಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಸುರಿದು ತಣ್ಣಗೆ ಮಾಡಬೇಕು. ಕಠಿಣ ಆಯ್ಕೆ ಬೇರೆ, ಬೇಜವಾಬ್ದಾರಿ ಆಯ್ಕೆ ಬೇರೆ. ಎರಡರ ನಡುವಿನ ಗೆರೆ ಆ ಚೆಕ್‌ಪಾಯಿಂಟಿನ ಮೇಜಿನ ಹತ್ತಿರ ಇರುತ್ತದೆ.

ನಮ್ಮ ಪ್ಯಾರಾಗಳಿಗೆ ಮರಳೋಣ. ಪ್ರೊಬೇಷನ್ ಮುಗಿಸಿದ ಮಾತ್ರಕ್ಕೆ ಕಮಾಂಡೊ ಸಿದ್ಧನಾದ ಅಂತಲ್ಲ. ಕಲಿಸಲು ಯೋಗ್ಯ ಅಂತ ಒಪ್ಪಿಕೊಂಡರು, ಅಷ್ಟೆ. ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲಿನಲ್ಲಿ ವಿಮಾನದಿಂದ ಐದು ಸಲ ಜಿಗಿದರೆ, ಅದರಲ್ಲಿ ಒಂದು ರಾತ್ರಿ ಜಿಗಿತ, ಎದೆಯ ಮೇಲೆ ರೆಕ್ಕೆಯ ಗುರುತು ಸಿಗುತ್ತದೆ. ಜನಕ್ಕೆ ಜಿಗಿತ ದೊಡ್ಡದಾಗಿ ಕಾಣುತ್ತದೆ. ಒಳಗಿನವರಿಗೆ ಅದೊಂದು ಪ್ರಯಾಣದ ವಿಧಾನ, ಬಸ್ಸಿನ ಹಾಗೆ. ಇಳಿದ ಮೇಲೆ ಏನು ಮಾಡುತ್ತಾರೆ ಅನ್ನುವುದೇ ಮುಖ್ಯ. ಹಿಮಾಚಲದ ಬಕ್ಲೋಹ್‌ನಲ್ಲಿ ವಿಶೇಷ ಪಡೆಗಳದೇ ಶಾಲೆ ಇದೆ. ಕಾಡಿನ ಕಾದಾಟಕ್ಕೆ ಮಿಜೋರಾಮಿನ ವೈರೆಂಗ್ಟೆ, ಹಿಮ ಮತ್ತು ಎತ್ತರಕ್ಕೆ ಗುಲ್ಮಾರ್ಗ್, ನೀರಿನೊಳಗಿನ ಈಜಿಗೆ ಕೊಚ್ಚಿ. ಎಲ್ಲರೂ ಎಲ್ಲ ಕಡೆ ಹೋಗುವುದಿಲ್ಲ. ಬೆಟಾಲಿಯನ್‌ಗಳೇ ಹಂಚಿಕೊಂಡಿವೆ. ಉದಾಹರಣೆಗೆ 10 ಪ್ಯಾರಾ ಮರುಭೂಮಿಯಲ್ಲಿ ಪಳಗಿದ್ದು, 9 ಪ್ಯಾರಾ ಬೆಟ್ಟಗಳಲ್ಲಿ.

ಸ್ಕ್ವಾಡಿನೊಳಗೂ ಹಂಚಿಕೆ ಇರುತ್ತದೆ. ಒಬ್ಬ ರೇಡಿಯೊ ನೋಡಿಕೊಳ್ಳುತ್ತಾನೆ, ಒಬ್ಬ ಸ್ಫೋಟಕ, ಒಬ್ಬ ಗಾಯಾಳುಗಳ ಚಿಕಿತ್ಸೆ, ಒಬ್ಬ ಆಯುಧ, ಒಬ್ಬ ದಾರಿ. ಜೊತೆಗೆ ಪ್ರತಿಯೊಬ್ಬನೂ ಪಕ್ಕದವನ ಕೆಲಸವನ್ನು ಒಂದು ಮಟ್ಟಕ್ಕೆ ಕಲಿತಿರಬೇಕು. ಗುಂಡು ಬಿದ್ದದ್ದು ಚಿಕಿತ್ಸೆ ಮಾಡುವವನಿಗೇ ಆದರೆ? ಎಂಟುನೂರು ಜನರಲ್ಲಿ ಅವನ ಬದಲಿಗೆ ಇನ್ನೊಬ್ಬ ಸಿಗುತ್ತಾನೆ. ಆರು ಜನರಲ್ಲಿ ಸಿಗುವುದಿಲ್ಲ.

ಇವರ ಕೆಲಸ ಅಂದರೆ ಬರೀ ಗುಂಡು ಹಾರಿಸುವುದು ಅಂದುಕೊಂಡಿರುತ್ತೇವೆ. ಗುಂಡೇ ಹಾರದ ಕಾರ್ಯಾಚರಣೆಗಳೂ ಬಹಳ. ಒಂದು ದಾರಿಯನ್ನೋ, ಶಿಬಿರವನ್ನೋ ದೂರದಿಂದ ನೋಡುತ್ತಾ, ಎಷ್ಟು ಜನ, ಕಾವಲು ಯಾವಾಗ ಬದಲಾಗುತ್ತದೆ, ಯಾವ ಗಾಡಿ ಬಂತು ಅಂತ ವರದಿ ಕಳಿಸುವುದು. ಇದರ ಲೆಕ್ಕ ಒಂದು ಹಾಕಿ ನೋಡಿ. ಆರು ಜನ, ನಾಲ್ಕು ದಿನ. ತಲೆಗೆ ದಿನಕ್ಕೆ ಮೂರು ಲೀಟರ್ ನೀರು ಅಂದರೂ ಒಬ್ಬೊಬ್ಬನ ಬೆನ್ನಿಗೆ ಹನ್ನೆರಡು ಕಿಲೋ ಬರೀ ನೀರೇ ಆಯಿತು. ಇದರ ಮೇಲೆ ಆಯುಧ, ಗುಂಡು, ರೇಡಿಯೊ, ಅದರ ಬ್ಯಾಟರಿ, ದುರ್ಬೀನು, ಊಟ, ಚಳಿಯ ಬಟ್ಟೆ. ತೂಕ ಇಳಿಸಲು ನೀರು ಇರುವ ಕಡೆ ಅಡಗಿ ಕೂತರಾಯಿತು ಅಂದುಕೊಳ್ಳಬಹುದು. ಆದರೆ ನೀರು ಇರುವ ಕಡೆಗೇ ಹಳ್ಳಿಯವರೂ ಬರುತ್ತಾರೆ, ಕುರಿ ಕಾಯುವವನೂ ಬರುತ್ತಾನೆ, ಅವನ ನಾಯಿಯೂ ಬರುತ್ತದೆ. ಇಂಥ ತಂಡಗಳು ಸಿಕ್ಕಿಬೀಳುವುದು ಹೆಚ್ಚಾಗಿ ಶತ್ರು ಸೈನಿಕರ ಕಣ್ಣಿಗಲ್ಲ, ಆಡು ಹುಡುಕಿಕೊಂಡು ಬಂದ ಹುಡುಗನ ಕಣ್ಣಿಗೆ. ಆಗ ಏನು ಮಾಡಬೇಕು? ಅವನು ನಾಗರಿಕ, ಅವನಿಗೆ ಕೈ ಮಾಡುವ ಹಾಗಿಲ್ಲ. ಬಿಟ್ಟರೆ ಊರಿಗೆ ಸುದ್ದಿ. ಅಲ್ಲಿಗೆ ಕಾರ್ಯಾಚರಣೆ ಮುಗಿಯಿತು, ಬ್ಯಾಗು ಎತ್ತಿಕೊಂಡು ಹೊರಡಬೇಕು. ಇದನ್ನು ಮೇಲಿನವರನ್ನು ಕೇಳಿ ನಿರ್ಧರಿಸುವಷ್ಟು ಹೊತ್ತು ಇರುವುದಿಲ್ಲ. ಸ್ಕ್ವಾಡಿನ ನಾಯಕ ಅಲ್ಲೇ, ನಿಮಿಷದಲ್ಲಿ ತೀರ್ಮಾನಿಸಬೇಕು. ಅವನ ವಯಸ್ಸು ಮೂವತ್ತರ ಒಳಗೇ ಇರಬಹುದು.

ಎರಡು ಬಗೆಯ ಪಡೆಗಳ ನಡುವಿನ ವ್ಯತ್ಯಾಸ, ಒಂದೇ ರಾತ್ರಿ, ಒಂದೇ ಮೈದಾನದಲ್ಲಿ, ಬಹಳ ದುಬಾರಿಯಾಗಿ ಕಂಡದ್ದು ಜಾಫ್ನಾದಲ್ಲಿ. 1987ರ ಅಕ್ಟೋಬರ್ 11-12ರ ನಡುವಿನ ರಾತ್ರಿ. ಶ್ರೀಲಂಕಾದಲ್ಲಿದ್ದ ಭಾರತದ ಶಾಂತಿಪಾಲನಾ ಪಡೆಗೆ, ಎಲ್‌ಟಿಟಿಇ ನಾಯಕರು ಜಾಫ್ನಾ ವಿಶ್ವವಿದ್ಯಾಲಯದ ಹತ್ತಿರ ಇದ್ದಾರೆ ಅನ್ನುವ ಸುಳಿವು ಇತ್ತು. ಯೋಜನೆ ಸರಳ. ಎಂಐ-8 ಹೆಲಿಕಾಪ್ಟರ್‌ಗಳು ವಿಶ್ವವಿದ್ಯಾಲಯದ ಮೈದಾನದಲ್ಲಿ ಎರಡು ಪಡೆಗಳನ್ನು ಇಳಿಸುತ್ತವೆ. 10 ಪ್ಯಾರಾ ಕಮಾಂಡೊಗಳು ನಾಯಕರನ್ನು ಹಿಡಿಯಲು ಹೋಗುತ್ತಾರೆ. 13 ಸಿಖ್ ಲೈಟ್ ಇನ್‌ಫೆಂಟ್ರಿಯವರು ಇಳಿದಾಣವನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಒಬ್ಬರು ಗುರಿಯತ್ತ ಹೋಗುವುದು, ಇನ್ನೊಬ್ಬರು ನೆಲ ಉಳಿಸಿಕೊಳ್ಳುವುದು. ಕಾಗದದ ಮೇಲೆ ಕೆಲಸದ ಹಂಚಿಕೆ ಸರಿಯಾಗೇ ಇತ್ತು.

ಆದರೆ ನಮ್ಮ ರೇಡಿಯೊ ಮಾತುಕತೆಯನ್ನು ಎಲ್‌ಟಿಟಿಇ ಕದ್ದು ಕೇಳಿತ್ತು. ಹೆಲಿಕಾಪ್ಟರ್‌ಗಳು ಇಳಿಯುವ ಮೊದಲೇ ಸುತ್ತಲಿನ ಕಟ್ಟಡಗಳಲ್ಲಿ ಬಂದೂಕುಗಳು ಕಾಯುತ್ತಿದ್ದವು. ಸುಮಾರು ನೂರು ಕಮಾಂಡೊಗಳು ಹೇಗೋ ಇಳಿದರು. ಸಿಖ್ ಪದಾತಿಗಳು ಇನ್ನೂ ಬಹಳ ಜನ ಬರಬೇಕಿತ್ತು, ಆದರೆ ಇಳಿದದ್ದು ಮೂವತ್ತು ಜನ ಮಾತ್ರ. ಹೆಲಿಕಾಪ್ಟರ್‌ಗಳಿಗೆ ಗುಂಡೇಟು ಬಿದ್ದು ಮುಂದಿನ ಸರದಿಗಳು ನಿಂತುಹೋದವು.

ಮುಂದೆ ಆದದ್ದನ್ನು ನಿಧಾನವಾಗಿ ನೋಡಬೇಕು. ಕಮಾಂಡೊಗಳು ತಮ್ಮ ಕೆಲಸದಂತೆ ಮೈದಾನ ಬಿಟ್ಟು ಗುರಿ ಹುಡುಕಿಕೊಂಡು ಹೋದರು. ನಾಯಕರು ಸಿಗಲಿಲ್ಲ. ಗಲ್ಲಿಗಳಲ್ಲಿ ಸುತ್ತುವರಿದ ಗುಂಡಿನ ನಡುವೆ ಮನೆಗಳನ್ನು ಆಸರೆ ಮಾಡಿಕೊಂಡು ಕಾದಾಡಿದರು. ಸಿಖ್ ಪದಾತಿಗಳು ತಮ್ಮ ಕೆಲಸದಂತೆ ಮೈದಾನದಲ್ಲೇ ಉಳಿದರು. ಮೂವತ್ತು ಜನ ಒಂದು ಇಳಿದಾಣವನ್ನು ಹಿಡಿಯುವುದು ಸಾಧ್ಯವೇ ಇಲ್ಲದ ಮಾತು. ಪದಾತಿ ದಳದ ಬಲ ಅದರ ಸಂಖ್ಯೆ ಮತ್ತು ಹಿಂದಿನಿಂದ ಬರುವ ಸರಬರಾಜು ಅಂತ ಮೊದಲೇ ಹೇಳಿದೆನಲ್ಲ, ಆ ರಾತ್ರಿ ಅವರಿಗೆ ಎರಡೂ ಇರಲಿಲ್ಲ. ಬೆಳಗಿನವರೆಗೂ, ಬೆಳಗಾದ ಮೇಲೂ ಕಾದಾಡಿದರು. ಗುಂಡು ಮುಗಿಯಿತು. ಮೂವತ್ತರಲ್ಲಿ ಇಪ್ಪತ್ತೊಂಬತ್ತು ಜನ ಸತ್ತರು, ಒಬ್ಬ ಸೆರೆಯಾದ. ಕಮಾಂಡೊಗಳಲ್ಲಿ ಆರು ಜನ ಸತ್ತರು. ಉಳಿದವರು ಟ್ಯಾಂಕುಗಳು ಬಂದು ದಾರಿ ಮಾಡಿಕೊಡುವವರೆಗೆ ತಡೆದುಕೊಂಡರು.

ಕಮಾಂಡೊಗಳು ಜಾಸ್ತಿ ಧೈರ್ಯವಂತರು ಅನ್ನುವುದು ಈ ಅಂಕಿಗಳ ಅರ್ಥವಲ್ಲ. ಅವರು ಜಾಗ ಬದಲಿಸಬಹುದಿತ್ತು, ಬದಲಿಸಲು ತರಬೇತಿಯೂ ಇತ್ತು. ಪದಾತಿಗಳಿಗೆ ಇದ್ದ ಆದೇಶವೇ ಜಾಗ ಬಿಡಬಾರದು ಅಂತ. ಇಬ್ಬರನ್ನೂ ಕೆಡಿಸಿದ್ದು ಒಂದೇ ಸಂಗತಿ: ಬರುತ್ತಿದ್ದಾರೆ ಅಂತ ಮೊದಲೇ ಗೊತ್ತಾಗಿಹೋಗಿದ್ದು. ಎಷ್ಟೇ ಕಠಿಣ ಆಯ್ಕೆ ಮಾಡಿ, ಎಷ್ಟೇ ವರ್ಷ ಕಲಿಸಿ, ಸೋರಿದ ಗುಟ್ಟನ್ನು ಮೈಬಲದಿಂದ ಮುಚ್ಚಲಾಗದು.

ಮಧ್ಯದಲ್ಲಿ ಇನ್ನೊಂದು ವರ್ಗವೂ ಇದೆ, ಅದನ್ನು ಹೇಳದಿದ್ದರೆ ಚಿತ್ರ ತಪ್ಪಾಗುತ್ತದೆ. ನಮ್ಮ ಪ್ರತಿ ಪದಾತಿ ಬೆಟಾಲಿಯನ್ನಿಗೂ ಅದರದೇ ಘಾತಕ್ ಪ್ಲಟೂನ್ ಇರುತ್ತದೆ. ಸುಮಾರು ಇಪ್ಪತ್ತು ಜನ, ಬೆಟಾಲಿಯನ್ನಿನಲ್ಲೇ ಚುರುಕಾದವರು. ಇನ್‌ಫೆಂಟ್ರಿ ಸ್ಕೂಲಿನ ಬೆಳಗಾವಿ ವಿಭಾಗದ ಕಮಾಂಡೊ ತರಬೇತಿಗೆ ಇಂಥವರು ಹೋಗುತ್ತಾರೆ. ಕಾರ್ಗಿಲ್‌ನಲ್ಲಿ ಟೈಗರ್ ಹಿಲ್ಲಿನ ಕಡಿದಾದ ಬಂಡೆಗೆ ಹಗ್ಗ ಕಟ್ಟಿ ಹತ್ತಿದ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ 18 ಗ್ರೆನೇಡಿಯರ್ಸ್‌ನ ಘಾತಕ್ ಪ್ಲಟೂನಿನವರು, ವಿಶೇಷ ಪಡೆಯವರಲ್ಲ. ಘಾತಕ್‌ಗಳು ತಮ್ಮ ಬೆಟಾಲಿಯನ್ನಿನ ಕಣ್ಣೆದುರಿನ ಯುದ್ಧಕ್ಕೆ ದಾರಿ ಬಿಡಿಸುತ್ತಾರೆ, ಹಿಂದೆಯೇ ಬೆಟಾಲಿಯನ್ ಬರುತ್ತದೆ. ಪ್ಯಾರಾ ವಿಶೇಷ ಪಡೆಯ ಹಿಂದೆ ಹಾಗೆ ಯಾರೂ ಬರುವುದಿಲ್ಲ.

ಎನ್‌ಎಸ್‌ಜಿ ಮತ್ತೂ ಬೇರೆ. 2008ರಲ್ಲಿ ಮುಂಬೈಯ ತಾಜ್ ಹೋಟೆಲಿನಲ್ಲಿ ಹುತಾತ್ಮರಾದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರನ್ನು ಎಲ್ಲರೂ ಕಮಾಂಡೊ ಅಂತ ನೆನೆಯುತ್ತೇವೆ. ಅವರ ಮೂಲ ಬೆಟಾಲಿಯನ್ 7 ಬಿಹಾರ್, ಅಂದರೆ ಪದಾತಿ ದಳ. ಅಲ್ಲಿಂದ ಎನ್‌ಎಸ್‌ಜಿಗೆ ನಿಯೋಜನೆ ಮೇಲೆ ಹೋಗಿದ್ದರು. ಆ ಪಡೆ ಗೃಹ ಸಚಿವಾಲಯದ ಕೆಳಗೆ ಬರುತ್ತದೆ, ಅದರ ಮುಖ್ಯ ಕೆಲಸ ದೇಶದೊಳಗೆ ಒತ್ತೆಯಾಳುಗಳನ್ನು ಬಿಡಿಸುವುದು. ಅಲ್ಲಿ ಕೋಣೆಯೊಳಗೆ ನುಗ್ಗಿ ಅರೆಕ್ಷಣದಲ್ಲಿ ಉಗ್ರ ಯಾರು, ಅತಿಥಿ ಯಾರು ಅಂತ ಗುರುತಿಸಿ ಗುಂಡು ಹಾರಿಸಬೇಕು. ಪೊದೆಯಲ್ಲಿ ನಾಲ್ಕು ದಿನ ಅಲುಗದೆ ಮಲಗುವವನಿಗೆ ಬೇಕಾದ ಅಭ್ಯಾಸ ಇದಲ್ಲ.

ಪ್ರೊಬೇಷನ್‌ನಲ್ಲಿ ಉಳಿಯದವರು ಏನಾಗುತ್ತಾರೆ ಅನ್ನುವ ಪ್ರಶ್ನೆಯನ್ನು ಹುಡುಗರು ತುಂಬಾ ಕೇಳುತ್ತಾರೆ. ಬೇರೆ ಘಟಕದಿಂದ ಬಂದವರು ತಮ್ಮ ಮೂಲ ಘಟಕಕ್ಕೆ ವಾಪಸು ಹೋಗುತ್ತಾರೆ. ಇದಕ್ಕೆ ಶಿಕ್ಷೆ ಅಂತೇನೂ ಇಲ್ಲ. ವಾಪಸು ಹೋದವನು ಅಲ್ಲಿ ಒಳ್ಳೆಯ ಸೆಕ್ಷನ್ ಕಮಾಂಡರ್ ಆಗುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹತ್ತು ಜನರನ್ನು ಕಟ್ಟಿಕೊಂಡು ಒಂದು ಪೋಸ್ಟನ್ನು ಚಳಿಗಾಲ ಪೂರ್ತಿ ಕಾಯುವುದಕ್ಕೆ ಬೇಕಾದ ಗುಣಗಳನ್ನು ಆ ಮೂರು ತಿಂಗಳ ಪರೀಕ್ಷೆ ಅಳೆಯುವುದೇ ಇಲ್ಲ.